ಗಿರಣಿ ಧೂಳಿನ ಪುಟ

2008ರ ಬೇಸಿಗೆಯಲ್ಲಿ, ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಯಿಂದ, ನನ್ನ ತಂಗಿ ತನ್ನದೇ ಒಂದು ವೆಬ್‌ಸೈಟ್ ತೆರೆದಳು. ಮೆಕ್ಯಾನಿಕಲ್ ಡಿಪ್ಲೊಮಾ ಓದಿದ್ದ ಅವಳು ಕಂಪ್ಯೂಟರಿನಲ್ಲಿ ಯಂತ್ರಗಳ ನಕ್ಷೆ ಬರೆಯುತ್ತಿದ್ದಳು. ನಾನು ಆಗ ಪತ್ರಿಕೆಯೊಂದರ ವರದಿಗಾರ.

ಅಲ್ಲಿಯವರೆಗೆ ಅವಳಿಗೆ ಕೆಲಸ ಸಿಗುತ್ತಿದ್ದುದು ಇಂಟರ್ನೆಟ್ಟಿನ ಸಂತೆಯಂಥ ಒಂದು ತಾಣದಿಂದ. ಒಂದೊಂದು ಕೆಲಸಕ್ಕೂ ಹತ್ತಾರು ಜನ ದರ ಕೂಗುತ್ತಿದ್ದರು. ಆ ವರ್ಷ ಅವಳ ಕೂಗಿಗೆ ಉತ್ತರ ಬರುವುದೇ ನಿಂತಿತ್ತು. ಕುಡತಿನಿಯ ಗುತ್ತಿಗೆದಾರರೊಬ್ಬರ ಕಚೇರಿಯಲ್ಲಿ ಅದಿರು ಲಾರಿಗಳ ಪರ್ಮಿಟ್ ಟೈಪು ಮಾಡುವ ಕೆಲಸ ಅವಳಿಗಾಗಿ ಕಾದಿತ್ತು.

“ದಸರಾತನಕ ನೋಡವ್ವಾ. ಆಮ್ಯಾಲೆ ಕುಡತಿನಿಗೆ ಹೋಗಬೇಕಾಗ್ತೈತಿ” ಎಂದರು ಅಪ್ಪ.

ಸೈಟ್ ಕಟ್ಟಿಕೊಟ್ಟವನು ನಮ್ಮ ಬೀದಿಯ ಫ್ಲೆಕ್ಸ್ ಅಂಗಡಿಯವನು. ಊರಿನ ಪ್ರತಿ ವೃತ್ತದಲ್ಲೂ ಕೈಮುಗಿದು ನಿಂತಿದ್ದ ಮುಖಗಳೆಲ್ಲ ಅವನ ಯಂತ್ರದಿಂದಲೇ ಹೊರಬಂದವು. ತಂಗಿ ತನ್ನ ಎರಡು ಹಳೆಯ ಕೆಲಸಗಳ ವಿವರವನ್ನು ಇಂಗ್ಲಿಷಿನಲ್ಲಿ ಬರೆದು ಕೊಟ್ಟಿದ್ದಳು: ಸಿರುಗುಪ್ಪದ ಅಕ್ಕಿ ಗಿರಣಿ ಒಂದು, ಕುರುಗೋಡಿನ ಜಲ್ಲಿ ಕ್ರಷರ್ ಇನ್ನೊಂದು. ಅವನು ಎರಡಕ್ಕೂ ಬಂಗಾರದ ಅಂಚು ಕಟ್ಟಿದ. ಗಿರಣಿಯ ಮಾಲೀಕರ ಫೋಟೋ ಮೇಲೆ ಹೂಮಳೆ ಸುರಿಸಿದ.

“ಹೆಂಗೈತಿ ಅಕ್ಕಾ?”

“ನಾ ಏನು ಎಲೆಕ್ಷನ್‌ಗೆ ನಿಂತೀನೇನಪಾ?” ಎಂದು ತಂಗಿ ನಕ್ಕಳು.

ತಿಂಗಳು ಕಳೆದರೂ ಯಾರೂ ಬರಲಿಲ್ಲ. ಪುಟದಲ್ಲಿದ್ದ ಒಂದು ಸಾಲನ್ನೇ ಅಕ್ಷರಶಃ ಕೊಟ್ಟು ಇಂಟರ್ನೆಟ್ಟಿನಲ್ಲಿ ಹುಡುಕಿದೆವು, ಸಿಗಲಿಲ್ಲ. ಸೈಟಿನ ವಿಳಾಸ ಕೊಟ್ಟು ಹುಡುಕಿದಾಗ ಮಾತ್ರ ಪುಟಗಳು ಬಂದವು, ಎಲ್ಲಕ್ಕೂ ‘ಹೆಸರಿಲ್ಲದ ಪುಟ’ ಎಂಬ ಒಂದೇ ತಲೆಬರಹ. ತಂಗಿ ಮೌಸ್ ಹಿಡಿದು ಒಂದು ವಾಕ್ಯವನ್ನು ಆಯ್ದುಕೊಳ್ಳಲು ನೋಡಿದಳು. ಅಕ್ಷರಗಳು ಹಿಡಿತಕ್ಕೇ ಬರಲಿಲ್ಲ. ಇಡೀ ಪುಟ ಒಂದೇ ಚಿತ್ರವಾಗಿತ್ತು. ಅಂಗಡಿಯವನು ಬ್ಯಾನರ್ ಮಾಡುವ ಹಾಗೇ ಮಾಡಿದ್ದ. ಮನುಷ್ಯರು ಓದಬಹುದಾಗಿದ್ದ ಆ ಪುಟದಲ್ಲಿ ಹುಡುಕುವ ಯಂತ್ರಕ್ಕೆ ಓದಲು ಒಂದು ಪದವೂ ಇರಲಿಲ್ಲ.

“ಅಲ್ರೀ ಸರ, ಬ್ಯಾನರ್ ಅಂದ್ರ ಬರೇ ಅಕ್ಷರ ಇದ್ರ ಯಾರ್ ನೋಡ್ತಾರ್ರಿ?” ಎಂದ ಅವನು, ನಿಜವಾದ ಬೇಸರದಿಂದ.

ಮತ್ತೆ ಮೊದಲಿನಿಂದ ಹಿಡಿದೆವು. ತಂಗಿ ಒಂದೊಂದು ಕೆಲಸಕ್ಕೂ ಒಂದೊಂದು ಪುಟವನ್ನು ಅಕ್ಷರಗಳಲ್ಲೇ ಟೈಪು ಮಾಡಿದಳು. ತೊಂದರೆ ಏನಿತ್ತು, ತಾನು ಏನು ಬದಲಿಸಿದೆ, ಆಮೇಲೆ ಏನಾಯಿತು ಎಂಬ ಕ್ರಮ ಇಟ್ಟಳು. ವರದಿಯ ಶೀರ್ಷಿಕೆ ಬರೆಯುವ ಅಭ್ಯಾಸವಿದ್ದ ನಾನು ಪುಟಗಳಿಗೆ ಇಂಗ್ಲಿಷಿನಲ್ಲೇ ತಲೆಬರಹ ಕೊಟ್ಟೆ. ‘ಹೆಸರಿಲ್ಲದ ಪುಟ’ ಹೋಗಿ ‘ಅಕ್ಕಿ ಗಿರಣಿಯಲ್ಲಿ ಹೊಟ್ಟಿನ ಧೂಳು ತಡೆಯುವ ಕೊಳವೆಗಳ ನಕ್ಷೆ’ ಬಂತು. ಚಿತ್ರಗಳಿಗೆ ವಿವರ ಬರೆದೆವು, ಮೊದಲ ಪುಟದಿಂದ ಉಳಿದವಕ್ಕೆ ಕೊಂಡಿ ಹಾಕಿದೆವು, ಪುಟಗಳ ಪಟ್ಟಿಯನ್ನು ಹುಡುಕುವ ಯಂತ್ರಕ್ಕೆ ಸಲ್ಲಿಸಿದೆವು.

ಅದಕ್ಕೂ ಮೊದಲು, ಇರುವುದನ್ನೆಲ್ಲ ಬಿಡಿಸಿ ಬರೆಯಲು ಮಾಲೀಕರ ಒಪ್ಪಿಗೆ ಬೇಕಿತ್ತು. ಕುರುಗೋಡಿನವರು ಫೋನಿನಲ್ಲೇ ಹೂಂ ಅಂದರು. ಸಿರುಗುಪ್ಪಕ್ಕೆ ಇಬ್ಬರೂ ಹೋದೆವು. ಗಿರಣಿಯ ಸಾಹೇಬರು ಚಹಾ ತರಿಸಿದರು.

“ಪುಟದಾಗಿಂದ ನನ್ನ ಫೋಟೋ ತೆಗದೀಯೇನವ್ವಾ?”

“ತೆಗದೀನ್ರೀ ಚಾಚಾ. ನಿಮ್ಮ ಗಿರಣಿದು ಹಾಕೀನಿ.”

“ಧೂಳಿತ್ತು ಅಂತ ಬರದ್ರ ನಮ್ಮ ಮಾನ ಏನಾಗಬೇಕು?”

“ಈಗ ಇಲ್ಲ ಅಂತನೂ ಬರದೀನ್ರೀ.”

ಅವರು ಕೊಳವೆಗಳ ಕಡೆ ನೋಡಿದರು. “ಅದಂತೂ ಖರೇ. ಬರಿ, ಬೇಟಿ” ಎಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಸೈಟಿನ ಭೇಟಿಗಳ ದಾಖಲೆ ತುಂಬತೊಡಗಿತು. ಬಂದವರು ಯಾವ ಪದಗಳನ್ನು ಕೊಟ್ಟು ಹುಡುಕಿದರು ಎಂಬುದೂ ಆಗ ಅದರಲ್ಲಿ ಕಾಣುತ್ತಿತ್ತು. ನಾವಿಬ್ಬರೂ ಅದರ ಮುಂದೆ ಕೂತು ಒಂದೊಂದನ್ನೇ ಓದುತ್ತಿದ್ದೆವು. ಗಿರಣಿಯ ಧೂಳಿನಿಂದ ಕೆಮ್ಮು. ಹೊಟ್ಟು ಎಳೆಯುವ ಫ್ಯಾನಿನ ಅಳತೆ. ನಾವೆಂದೂ ಕಾಣದ ಊರುಗಳಲ್ಲಿ ಯಾರೋ ಒಬ್ಬೊಬ್ಬರೇ ಕೂತು ತಮ್ಮ ತೊಂದರೆಯನ್ನು ಹುಡುಕಾಟದ ಒಂದು ಖಾಲಿ ಪೆಟ್ಟಿಗೆಗೆ ಹೇಳಿಕೊಂಡಿದ್ದರು. ಆ ಪೆಟ್ಟಿಗೆ ಅವರನ್ನು ಸಿರುಗುಪ್ಪದ ಒಂದು ಗಿರಣಿಯೊಳಕ್ಕೆ ಕರೆತಂದು ನಿಲ್ಲಿಸಿತ್ತು. ಸಾವಿರಾರು ಮನೆಗೆ ಹೋಗುವ ಪತ್ರಿಕೆಯಲ್ಲಿ ಬರೆಯುತ್ತಿದ್ದ ನನಗೆ, ಓದುಗನು ಹೀಗೆ ತಾನೇ ಹುಡುಕಿಕೊಂಡು ಬರುವುದನ್ನು ನೋಡಿದ್ದು ಅದೇ ಮೊದಲು.

ದಸರಾಕ್ಕೆ ಮೊದಲು ಪೂರ್ವ ಆಫ್ರಿಕಾದ ಗಿರಣಿಯೊಂದರಿಂದ ಇಮೇಲ್ ಬಂತು. ಧೂಳಿನ ಪುಟವನ್ನು ಓದಿದ್ದೇನೆ, ನಮ್ಮ ಕಟ್ಟಡದ ಅಳತೆ ಕಳಿಸಿದರೆ ನಕ್ಷೆ ಬರೆದುಕೊಡುವಿರಾ ಎಂದು ಅದರಲ್ಲಿತ್ತು. ದರವನ್ನು ಮೊದಲು ಕೇಳಿರಲಿಲ್ಲ. ತಂಗಿ ಅದನ್ನು ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದಳು.

“ಅಲ್ಲೂ ಭತ್ತ ಬೆಳಿತಾರೇನು?” ಅಪ್ಪ ಕೇಳಿದರು. ಮತ್ತೆ, “ಸಿರುಗುಪ್ಪದ ಹೆಸರು ಅಲ್ಲಿತನಕ ಹೋಗೇತಿ?” ಎಂದರು.

ಕುಡತಿನಿಯ ಕಚೇರಿಗೆ ತಾನು ಬರುವುದಿಲ್ಲವೆಂದು ತಂಗಿ ಅದೇ ವಾರ ಫೋನು ಮಾಡಿ ತಿಳಿಸಿದಳು. ಆಫ್ರಿಕಾದ ನಕ್ಷೆ ದೀಪಾವಳಿಯ ನಂತರ ಹೋಯಿತು. ಅದೇ ಗಿರಣಿಯವರು ಮರುವರ್ಷ ಇನ್ನೊಂದು ಕಟ್ಟಡದ ಅಳತೆ ಕಳಿಸಿದರು.