ನಲವತ್ತರ ರಟ್ಟೆ

ಬೆಟಗೇರಿಯ ನೇಕಾರ ಮನೆತನದ ಕಲ್ಪನಾಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ ಬಂದವಳು ರೋಹನನ ಗಾರ್ಮೆಂಟ್ಸಿನಲ್ಲಿ ಪ್ಯಾಟರ್ನ್ ಮಾಡುತ್ತಿದ್ದಳು. ಒಂದು ಅಳತೆಯ ಉಡುಪಿನಿಂದ ಉಳಿದ ಸೈಜುಗಳನ್ನು ಕಾಗದದಲ್ಲಿ ಕತ್ತರಿಸಿ ಕೊಡುವ ಕೆಲಸ. ಹೊಲಿಯುವ ಹುಡುಗಿಯರು ಅವಳೆದುರು ಜೋರಾಗಿ ನಗುತ್ತಲೂ ಇರಲಿಲ್ಲ.

ಹೊರದೇಶದ ಆರ್ಡರು ನಿಂತಾಗ ರೋಹನ ಸೀರೆಗೆ ತೊಡುವ ರೆಡಿಮೇಡ್ ಜಂಪರ್ ಹೊಲಿಸಿ ಸುತ್ತಲಿನ ಊರುಗಳಲ್ಲಿ ಮಾರಲು ಹೊರಟ. ಆ ಆರ್ಡರಿನ ಹಳೇ ಅಳತೆ ಚಾರ್ಟನ್ನೇ ಬಳಸಲು ಹೇಳಿದ.

"ಅದು ಬ್ರಿಟನ್ನಿನ ಹೆಣ್ಣಮಕ್ಕಳ ಮೈ ನೋಡಿ ಮಾಡಿದ್ದು," ಎಂದಳು ಕಲ್ಪನಾ. "ಭುಜ ಜಾರತೈತಿ, ಮೈ ಉದ್ದ ಆಕೈತಿ."

"ಮನಷಾರ ಮೈ ಎಲ್ಲಾ ಕಡಿ ಒಂದರೀ. ಜಗತ್ತಿಗೆಲ್ಲಾ ಒಂದ ಅಳತಿ ಮಾಡಿಬಿಟ್ಟಿದ್ರ ಈ ತಾಪತ್ರಯನ ಇರ್ತಿರಲಿಲ್ಲ."

"ಟೇಪ್ ಮೈಮ್ಯಾಲೆ ಎಲ್ಲಿ ಹಿಡೀಬೇಕು ಅನ್ನೋದಕ್ಕ ಜಗತ್ತಿಗೆಲ್ಲಾ ಒಂದ ನಿಯಮ ಐತಿ. ಎಷ್ಟು ಬಂದ್ರ ಎಂ ಸೈಜು ಅನಬೇಕು ಅನ್ನೋದಕ್ಕ ಇಲ್ಲ. ಒಂದೊಂದು ದೇಶ ತನ್ನ ಮಂದೀನ ಅಳದು ಬರಕೊಂಡೈತಿ. ಕಂಪನಿಯವ್ರು ತಮ್ಮ ಗಿರಾಕಿಗೆ ತಕ್ಕಂಗ ಅದನ್ನೂ ತಿದ್ದತಾರ. ಅದಕ್ಕ ಬ್ರಿಟನ್ನಿನ್ಯಾಗ ಹನ್ನೆರಡು ಅನ್ನೋದು ಅಮೆರಿಕಾದಾಗ ಎಂಟು."

"ಹಂಗಾರ ನಮ್ಮ ಮಂದೀನ ಅಳೀರಿ. ಜಲ್ದಿ ಮುಗಸ್ರಿ."

ಜಲ್ದಿ ಮುಗಿಸುವುದೆಂದರೆ ಕೈಗೆ ಸಿಕ್ಕವರನ್ನು ಅಳೆಯುವುದು. ಗಾರ್ಮೆಂಟ್ಸಿನ ಹುಡುಗಿಯರು, ಗದಗಿನ ಕಾಲೇಜೊಂದರ ವಿದ್ಯಾರ್ಥಿನಿಯರು ಸಿಕ್ಕರು. ಎದೆ, ಸೊಂಟ, ಭುಜ, ರಟ್ಟೆಗಳ ಅಳತೆ ತೆಗೆದು, ಯಾವ ಎದೆ ಸುತ್ತಳತೆಗೆ ಎಷ್ಟು ರಟ್ಟೆ ಎಂದು ಲೆಕ್ಕ ಹಾಕಿ ಕಲ್ಪನಾ ಹೊಸ ಚಾರ್ಟ್ ಮಾಡಿದಳು. ಅಷ್ಟು ದಪ್ಪದವರು ಸಿಗದ ದೊಡ್ಡ ಸೈಜುಗಳಿಗೆ, ಕೆಳಗಿನ ಸೈಜಿನ ಏರಿಕೆಯನ್ನೇ ಮುಂದುವರಿಸಿ ಅಂಕಿ ತುಂಬಿದಳು.

ಆ ಚಾರ್ಟಿನ ಜಂಪರುಗಳು ಅಂಗಡಿಗಳಿಗೆ ಹೋದ ಮೇಲೆ ಲಕ್ಷ್ಮೇಶ್ವರದ ಆಸೀಮನ ಬಟ್ಟೆ ಅಂಗಡಿಯಿಂದ ದೂರಿನ ಫೋನು ಬಂತು. ರೋಹನ ಕಲ್ಪನಾಳನ್ನೇ ಕಳಿಸಿದ. ಅವಳು ಹೋದಾಗ ಹತ್ತಿರದ ಹಳ್ಳಿ ಅಡರಕಟ್ಟಿಯ ಅಮೃತವ್ವ ಅಂಗಡಿಯಲ್ಲೇ ಕೂತಿದ್ದಳು. ಹರೆಯದಿಂದಲೂ ಹೊಲದಲ್ಲಿ ದುಡಿದ ಮೈ. ನಲವತ್ತರ ಸೈಜಿನ ಜಂಪರನ್ನು ಕಲ್ಪನಾಳ ಎದೆಗೆ ಒಗೆದಳು.

"ಎದಿಗೆ ಬರೋಬ್ಬರಿ ಐತಿ. ರಟ್ಟಿ ಒಳಗ ಹೋಗವಲ್ದು. ಕೈ ಕಡದು ಇಡ್ಲೇನು?"

ಬಸ್ಸಿನಲ್ಲಿ ನಿಂತು ಬಂದಿದ್ದ ಕಲ್ಪನಾ ನಾಲಿಗೆ ಬಿಗಿಹಿಡಿಯಲಿಲ್ಲ. "ಚಾರ್ಟ್ ಸರಿ ಐತ್ರಿ. ನಿಮ್ಮ ರಟ್ಟಿನ ಅಳತಿ ಮೀರೇತಿ."

ಅಂಗಡಿಯಲ್ಲಿದ್ದವರು ನಕ್ಕರು. ಅಮೃತವ್ವನ ಮುಖ ಕಪ್ಪಿಟ್ಟಿತು. "ನಮ್ಮೂರಾಗ ಎಲ್ಲಾರ ರಟ್ಟಿನೂ ಹಿಂಗ ಅದಾವ. ನಿನ್ನ ಅಳತಿ ಬರಿಯೋವಾಗ ಯಾರನ್ನ ಕೇಳಿದ್ದಿ?"

ಆ ಮಾತು ಮುಳ್ಳಿನಂತೆ ನೆಟ್ಟಿತು. ಮರುವಾರವೇ ಕಲ್ಪನಾ ಹೊಲಿಗೆ ವಿಭಾಗದ ರೇಷ್ಮಾಳನ್ನು ಕರೆದುಕೊಂಡು ಅಳತೆ ತೆಗೆಯಲು ಅಡರಕಟ್ಟಿಗೆ ಹೋದಳು. ಅಂಗಡಿಯಲ್ಲಿ ಆದದ್ದನ್ನು ಅಮೃತವ್ವ ಅಷ್ಟರಲ್ಲಿ ಓಣಿಯಲ್ಲೆಲ್ಲ ಹೇಳಿಬಿಟ್ಟಿದ್ದಳು. ಒಬ್ಬಳು ಬಾಗಿಲು ಹಾಕಿಕೊಂಡಳು. ಇನ್ನೊಬ್ಬಳು, "ನಾವೇನು ಸಂತಿಗೆ ಬಂದ ದನಾ ಏನು, ಮೈ ಮುಟ್ಟಿ ನೋಡಾಕ?" ಎಂದಳು. ಮತ್ತೊಬ್ಬಳು ಮುಸುರೆ ನೀರನ್ನು ಅವರ ಕಾಲಬುಡಕ್ಕೇ ಚೆಲ್ಲಿದಳು. ಅಳತೆ ಕೊಟ್ಟವರು ಬೆರಳೆಣಿಕೆಯವರು, ಅವರೂ ಹೆಚ್ಚಾಗಿ ಹೊಸ ಸೊಸೆಯರು. ಮುಂಡರಗಿಯ ಕಡೆ ಸ್ವಲ್ಪ ವಾಸಿ, ಆದರೆ ಅಲ್ಲೂ ವಯಸ್ಸಾದವರು ಟೇಪು ಕಂಡರೆ ಎದ್ದು ಹೋಗುತ್ತಿದ್ದರು.

ಎರಡೂ ಗುಂಪು ಕೂಡಿಸಿ ಒಂದೇ ಸರಾಸರಿ ತೆಗೆಯಲು ರೋಹನ ಹೇಳಿದ.

"ಆಗ ಕಾಲೇಜಿನವ್ರಿಗೆ ಸಡ್ಲ, ಹೊಲದವ್ರಿಗೆ ಬಿಗಿ. ಯಾರಿಗೂ ಆಗಂಗಿಲ್ಲ," ಎಂದು ಕಲ್ಪನಾ ಕತ್ತರಿಯನ್ನು ಮೇಜಿಗೆ ಕುಕ್ಕಿದಳು. "ಒಂದ ಎದಿ ಅಳತಿಗೆ ಎರಡು ರಟ್ಟಿ ಇಡಬೇಕು."

"ಪ್ರತಿ ನಂಬರಿಗೂ ಎರಡೆರಡು ಮಾಡಿ ಎಲ್ಲಿ ಇಟಗೊಳ್ಳಲಿ? ಬಾಳ ಮಂದಿ ಎಲ್ಲಿ ಬರ್ತಾರೋ ಅಲ್ಲಿಗೆ ಮಾಡ್ರಿ."

ಬಹಳ ಮಂದಿ ಬಂದದ್ದು ಮೂವತ್ತನಾಲ್ಕು, ಮೂವತ್ತಾರಕ್ಕೆ. ಅವೆರಡಕ್ಕೆ ಮಾತ್ರ ಅಗಲ ರಟ್ಟೆಯ ಇನ್ನೊಂದು ಬಗೆ ಬಂತು. ನಲವತ್ತಕ್ಕೆ ಅಳತೆ ಕೊಟ್ಟವರು ಎಷ್ಟು ಕಮ್ಮಿಯೆಂದರೆ, ಕಲ್ಪನಾಳ ಬಳಿ ವಾದಿಸಲು ಅಂಕಿಯೇ ಇರಲಿಲ್ಲ.

ಹೊಸ ಮಾಲಿನೊಂದಿಗೆ ಲಕ್ಷ್ಮೇಶ್ವರಕ್ಕೆ ಹೋದಾಗ ಅಮೃತವ್ವ ಮತ್ತೆ ಎದುರಾದಳು. ನಲವತ್ತನ್ನು ಬಿಚ್ಚಿ, ತೋಳಿಗೆ ಹಿಡಿದು ನೋಡಿ, ಕೆಳಗಿಟ್ಟಳು.

"ನನ್ನದು ಇದರಾಗ ಇಲ್ಲ."

"ಬಾಗಲಾ ಹಾಕ್ಕೊಂಡವ್ರು ನಿಮ್ಮೂರವ್ರ ಅಲ್ಲರೀ? ಅಳತಿ ಕೊಡದವ್ರ ಮೈ ಚಾರ್ಟಿನ್ಯಾಗ ಎಲ್ಲಿಂದ ಬರಬೇಕು?"

"ಮೊದಲ ಮಾರಾಕ ಬಂದ್ರಿ. ಆಗಲಿಲ್ಲ ಅಂದ್ಮ್ಯಾಲೆ ಅಳ್ಯಾಕ ಬಂದ್ರಿ. ಅದೂ ನನ್ನ ನಾಕ ಮಂದ್ಯಾಗ ನಗಸಿದ ಮ್ಯಾಲೆ."

ತಪ್ಪಾಯಿತು ಎನ್ನಲು ಕಲ್ಪನಾಳ ಸೊಕ್ಕು ಬಿಡಲಿಲ್ಲ. ಚೀಲದಿಂದ ಟೇಪು ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು.

"ನಾ ಮುಟ್ಟಂಗಿಲ್ಲ. ನೀವ ಅಳದು ಹೇಳ್ರಿ."

ಅಮೃತವ್ವ ಟೇಪನ್ನು ನೋಡಿದಳು, ಅವಳನ್ನು ನೋಡಿದಳು. "ನಮ್ಮ ಟೇಲರ್ ಗುಲಾಬಬಿಗೆ ನನ್ನ ಅಳತಿ ಗೊತ್ತೈತಿ. ನಿನಗ್ಯಾಕ?" ಎಂದು ಸೆರಗು ಹೊದ್ದು ಹೊರಟುಹೋದಳು.

ಮೂವತ್ತಾರರ ಅಗಲ ರಟ್ಟೆ ಚೆನ್ನಾಗಿಯೇ ಮಾರಾಟವಾಯಿತು. ರೋಹನ ಖುಷಿಯಾಗಿ ನಲವತ್ತನ್ನೇ ಕೈಬಿಟ್ಟ. ಅದಕ್ಕಾಗಿ ಕಲ್ಪನಾ ಅವನೊಂದಿಗೆ ಮಾತು ಬಿಟ್ಟಿದ್ದಾಳೆ, ಆದರೂ ದಿನವೂ ಕೆಲಸಕ್ಕೆ ಬರುತ್ತಾಳೆ. ಅಡರಕಟ್ಟಿಗೆ ಹೋದರೆ ಈಗಲೂ ಅವಳಿಗೆ ಯಾರೂ ಕುಡಿಯಲು ನೀರು ಕೊಡುವುದಿಲ್ಲ.