ಆರನೇ ಚಿತ್ರದ ಅಡಿಬರಹ

ಕೋಲಾರದಲ್ಲಿ ರೈತರಿಗಾಗಿ ಪುಸ್ತಕ, ಮಾಸಪತ್ರಿಕೆ ತರುವ ಸಣ್ಣ ಕಚೇರಿಯೊಂದರಲ್ಲಿ ಹಜೀರಾ ಹನ್ನೆರಡು ವರ್ಷಗಳಿಂದ ಪುಟ ತಿದ್ದುತ್ತಿದ್ದಾರೆ. ಊರು ಮುಳಬಾಗಿಲು. ಮನೆಯಲ್ಲಿ ದಖನಿ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಕಲಿತವರು. ತಂದೆ ರಹಮತ್ತುಲ್ಲಾ ಗೂಡು ಬಿಚ್ಚಿ ನೂಲು ತೆಗೆಯುವ ಕೆಲಸದವರಾದ್ದರಿಂದ ರೇಷ್ಮೆ ಹುಳು ಅವರಿಗೆ ಹೊಸದಲ್ಲ.

ಪುಟ ತಿದ್ದುವಾಗ ಅವರದೊಂದು ಅಭ್ಯಾಸವಿದೆ. ಚಿತ್ರ ಮತ್ತು ಅದರ ಅಡಿಬರಹವನ್ನಷ್ಟೇ ಬಿಟ್ಟು ಉಳಿದ ಬರಹದ ಮೇಲೆ ಬಿಳಿ ಹಾಳೆ ಮುಚ್ಚುತ್ತಾರೆ. ಪಕ್ಕದ ಅಂಗಡಿಯವರನ್ನೋ ಚಹಾ ತಂದವರನ್ನೋ ಕರೆದು, 'ಇದೇನು ಹೇಳಿ' ಎನ್ನುತ್ತಾರೆ. ನೋಡಿದವರು ಹಾಳೆ ಎತ್ತಲು ಕೈ ಹಾಕಿದರೆ ಅಡಿಬರಹ ಮತ್ತೆ ಬರೆಯಬೇಕು ಎಂದು ಲೆಕ್ಕ. ರೈತರು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ. ಚಿತ್ರ ನೋಡುತ್ತಾರೆ, ಅದರ ಕೆಳಗಿನ ಎರಡು ಸಾಲು ಓದುತ್ತಾರೆ, ಬೇಕೆನಿಸಿದರೆ ಮೇಲಕ್ಕೆ ಹೋಗುತ್ತಾರೆ. ಇದು ಹಜೀರಾಗೆ ಗೊತ್ತಿತ್ತು.

ಈ ಸಲ ಅವರ ಮುಂದಿದ್ದ ರೇಷ್ಮೆ ಸಾಕಾಣಿಕೆಯ ಕೈಪಿಡಿ ಬರೆದವರು ಇಲಾಖೆಯಿಂದ ನಿವೃತ್ತರಾದ ಗಂಗಾಧರ್. ವಿಷಯ ಬಲ್ಲವರು, ಬರಹ ಅಚ್ಚುಕಟ್ಟು. ಅಡಿಬರಹ ಮಾತ್ರ ಅವರಿಗೆ ಬೇಡದ ಕೆಲಸ. ಆರನೇ ಚಿತ್ರ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣದ ಬಗ್ಗೆ. ಅದರ ಕೆಳಗೆ ಅವರು ಬರೆದಿದ್ದು ಇಷ್ಟು: 'ಊಜಿ ನೊಣದ ಬಾಧೆಯ ಕಪ್ಪು ಗುರುತು. ಇಂಥ ಹುಳುಗಳನ್ನು ಆರಿಸಿ ನಾಶಪಡಿಸಬೇಕು.'

"ಸಾರ್, ಇದರಲ್ಲಿ ಹುಳುವಿನ ತಲೆ ಯಾವ ಕಡೆ ಇದೆ ಅಂತಾನೇ ಗೊತ್ತಾಗಲ್ಲ" ಎಂದರು ಹಜೀರಾ.

"ಪಕ್ಕದಲ್ಲೇ ಎರಡು ಪ್ಯಾರಾ ಬರ್ದಿದೀನಲ್ಲಮ್ಮ. ಅದನ್ನೇ ಚಿತ್ರದ ಕೆಳಗೂ ಬರೀಲಾ? ಅಲ್ಲೊಂದ್ ಸಲ ಊಟ, ಇಲ್ಲೊಂದ್ ಸಲ ಊಟ!"

ಪುಟದಲ್ಲಿ ಜಾಗವೂ ಇರಲಿಲ್ಲ. ಹಜೀರಾ ಆ ದಿನ ಹಟ ಹಿಡಿಯಲಿಲ್ಲ. ಅಭಿಪ್ರಾಯ ಕೇಳಲೆಂದು ಕರಡು ಪುಟಗಳನ್ನು ಸಾಕಾಣಿಕೆದಾರರ ವಾಟ್ಸಾಪ್ ಗುಂಪಿಗೆ ಹಾಕಿದರು. ಅಲ್ಲಿಂದ ಯಾರೋ ಆರನೇ ಚಿತ್ರವನ್ನೂ ಅದರ ಕೆಳಗಿನ ಸಾಲನ್ನೂ ಕತ್ತರಿಸಿ ಇನ್ನೊಂದು ಗುಂಪಿಗೆ ಕಳಿಸಿದರು. ಪಕ್ಕದ ಎರಡು ಪ್ಯಾರಾ ಹಿಂದೆಯೇ ಉಳಿದವು.

ನಾಲ್ಕನೇ ದಿನ ಮಧ್ಯಾಹ್ನ ಕ್ಯಾಲನೂರಿನಿಂದ ಫೋನು ಬಂತು. ಮಾತಾಡಿದವಳು ಧನಶ್ರೀ. ಅವಳ ಅತ್ತೆ ಮುನಿಗಂಗಮ್ಮ ವರ್ಷಗಳಿಂದ ಹುಳು ಸಾಕುವವರು. ಈ ಸಲ ಮೊದಲ ಬಾರಿಗೆ ಬೇರೆ ತಳಿಯ ಮರಿ ತಂದಿದ್ದರು.

"ಅಕ್ಕಾ, ಆ ಫೋಟೋ ನಿಮ್ ಪುಸ್ತಕದ್ದಂತೆ. ನಮ್ ಹುಳಕ್ಕೆಲ್ಲಾ ಆ ಕಪ್ಪು ಗುರುತು ಐತೆ. ಒಂದಕ್ಕಲ್ಲ, ಎಲ್ಲದಕ್ಕೂ! ಅತ್ತೆ ಗುಂಡಿ ತೆಗೆಸ್ಬಿಟ್ಟವ್ರೆ. ಒಂದು ತಟ್ಟೆ ಹುಳ ಆಗ್ಲೇ ಸುರಿದಾಯ್ತು."

ಹಿಂದಿನಿಂದ ಮುನಿಗಂಗಮ್ಮನ ದನಿ ಕೇಳಿಸಿತು. "ಫೋನ್‌ನಾಗೆ ಏನೇ ಮಾತು? ಪಕ್ಕದ್ಮನೆ ಹುಳಕ್ಕೂ ಹಬ್ಬಿದ್ರೆ ಊರೋರು ನನ್ನ ಸುಮ್ನೆ ಬಿಟ್ಟಾರಾ? ಪುಸ್ತಕದಾಗೆ ನಾಶ ಮಾಡಿ ಅಂತ ಹಾಕವ್ರೆ!"

ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಹುಳು ಮೇವು ಬಿಟ್ಟು ಪೊರೆ ಕಳಚುವುದನ್ನು ಸಾಕುವವರು ಜ್ವರ ಎನ್ನುತ್ತಾರೆ. ನಾಲ್ಕನೆಯದು ಕೊನೆಯದು. ಇನ್ನೊಂದು ವಾರ ಸೊಪ್ಪು ತಿಂದರೆ ಗೂಡು ಕಟ್ಟುವ ಹುಳುಗಳನ್ನು ಮುನಿಗಂಗಮ್ಮ ಮಣ್ಣಿಗೆ ಹಾಕಲು ನಿಂತಿದ್ದರು.

ಗಂಗಾಧರ್ ಕರಡು ನೋಡಲು ಅದೇ ಕೋಣೆಯಲ್ಲಿ ಕೂತಿದ್ದರು. ಹಜೀರಾ ಫೋನಿನ ಸ್ಪೀಕರ್ ಹಾಕಿದರು. "ಧನಶ್ರೀ, ಒಂದು ಫೋಟೋ ಕಳ್ಸು. ಅಲ್ಲೀವರೆಗೂ ಇನ್ನೊಂದು ತಟ್ಟೆ ಮುಟ್ಬೇಡಿ ಅಂತ ಹೇಳು."

ಫೋಟೋ ಬಂತು. ಪರದೆಯ ತುಂಬ ಬೂದುಬಿಳಿ ಮೈ, ನಡುವೆ ಕಪ್ಪಾದ ಒಂದು ಮಚ್ಚೆ. ಹಜೀರಾ ಅದನ್ನು ಆರನೇ ಚಿತ್ರದ ಪಕ್ಕದಲ್ಲಿಟ್ಟರು. ಎರಡೂ ಒಂದೇ ತರ ಕಂಡವು. ಗಂಗಾಧರ್ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಇದರಲ್ಲೇನ್ ಗೊತ್ತಾಗುತ್ತಮ್ಮ? ಬೆನ್ನೋ, ಪಕ್ಕೆಯೋ? ತಲೆ ಎಲ್ಲಿದೆ? ಕಲೆ ಎಷ್ಟು ದೊಡ್ಡದು?"

ಹಜೀರಾ ಅವರ ಮುಖ ನೋಡಿದರು. ಆ ಪ್ರಶ್ನೆಗಳನ್ನೇ ಒಂದೊಂದಾಗಿ ಧನಶ್ರೀಗೆ ಕೇಳಿದರು.

"ಬೆನ್ನ ಮೇಲೆ, ಅಕ್ಕಾ. ತಲೆ ನನ್ ಎಡಗೈ ಕಡೆ ಐತೆ."

"ಕಲೆ ಒಂದೇನಾ, ಎರಡಾ?" ಎಂದರು ಹಜೀರಾ.

"ಫೋಟೋದಾಗೆ ಒಂದೇ ಬಂದೈತೆ. ಹುಳಕ್ಕೆ ಎರಡೈತೆ. ಎಡಕ್ಕೊಂದು, ಬಲಕ್ಕೊಂದು, ಜೋಡಿ."

ಗಂಗಾಧರ್ ಕುರ್ಚಿಯಿಂದ ಮುಂದೆ ಬಾಗಿದರು. "ಇನ್ನೊಂದು ಹುಳ ನೋಡು. ಜೋಡಿ ಅದೇ ಜಾಗದಲ್ಲಿದೆಯಾ?"

ಅತ್ತ ತಟ್ಟೆ ಎಳೆದ ಸದ್ದು ಕೇಳಿಸಿತು. ಆಮೇಲೆ, "ಹೂಂ ಸಾರ್. ಅದೇ ಜಾಗ. ಅದರ ಪಕ್ಕದ್ರಾಗೂ ಅಲ್ಲೇ."

"ಎಲ್ಲಾದ್ರೂ ಸೂಜಿ ತುದಿಯಷ್ಟು ಬಿಳಿ ಮೊಟ್ಟೆ ಅಂಟಿಕೊಂಡಿದೆಯಾ?"

"ಇಲ್ಲ ಸಾರ್. ಬಾಗ್ಲಿಗೂ ಕಿಟಕಿಗೂ ಬಲೆ ಹೊಡ್ದೀವಿ. ನೊಣಾನೇ ಬರಲ್ಲ."

"ಹಾಗಾದ್ರೆ ಅದು ಊಜಿ ಅಲ್ಲಮ್ಮ. ತಳಿಯ ಹುಟ್ಟುಗುರುತು. ನೀವು ಇಷ್ಟು ವರ್ಷ ಸಾಕಿದ್ದು ಬೋಳು ಮೈ ಹುಳ, ಇದಕ್ಕೆ ಗುರುತಿರುತ್ತೆ. ನೊಣದ ಮರಿ ಹೊಕ್ಕ ಕಲೆ ಹೀಗೆ ಜೋಡಿ ಕಟ್ಕೊಂಡು, ಎಲ್ಲ ಹುಳಕ್ಕೂ ಒಂದೇ ಜಾಗದಲ್ಲಿ ಬರಲ್ಲ. ಎಲ್ಲೋ ಒಂದಷ್ಟು ಹುಳಕ್ಕೆ, ಮೈಮೇಲೆ ಎಲ್ಲೆಂದರಲ್ಲಿ ಬರುತ್ತೆ. ಸೊಪ್ಪು ಹಾಕಿ."

ಫೋನು ಮುನಿಗಂಗಮ್ಮನ ಕೈಗೆ ಹೋಯಿತು. "ಅಯ್ಯೋ ದೇವುಡಾ! ಸುರಿದಿದ್ದಕ್ಕೇನ್ ಮಾಡ್ಲಿ?"

ಗುಂಡಿಗೆ ಬಿದ್ದವುಗಳ ಮೇಲೆ ಆಗಲೇ ಸುಣ್ಣ ಎರಚಿಯಾಗಿತ್ತು.

ಫೋನಿಟ್ಟ ಮೇಲೆ ಗಂಗಾಧರ್ ತಮ್ಮ ಬರಹದ ಎರಡು ಪ್ಯಾರಾ ಓದಿಕೊಂಡರು. ಜೋಡಿ ಗುರುತಿನ ಮಾತು ಅಲ್ಲಿತ್ತು, ಎರಡನೆಯದರ ಕೊನೆಯಲ್ಲಿ. ಕೆಂಪು ಪೆನ್ನು ತೆಗೆದುಕೊಂಡು ಎರಡನ್ನೂ ಹೊಡೆದುಹಾಕಿದರು.

"ಜಾಗ ಆಯ್ತಲ್ಲ. ಬರೀರಿ. ಚಿತ್ರ ನಿಜಕ್ಕಿಂತ ಆರು ಪಟ್ಟು ದೊಡ್ಡದು ಅಂತಲೂ ಸೇರಿಸಿ."

"ಪಟ್ಟು ಬೇಡ ಸಾರ್. ಫೋನಲ್ಲಿ ಬೆರಳಿಟ್ಟು ಎಳೆದ್ರೆ ಆರು ಹೋಗಿ ಹತ್ತಾಗುತ್ತೆ, ನಮ್ ಲೆಕ್ಕ ಸುಳ್ಳಾಗುತ್ತೆ. ಚಿತ್ರದ ಒಳಗೇ ಒಂದು ಅಳತೆ ಗೆರೆ ಎಳೆಸೋಣ. ಚಿತ್ರ ಹಿಗ್ಗಿದ್ರೆ ಗೆರೆಯೂ ಹಿಗ್ಗುತ್ತೆ."

"ನಾನ್ ಹೇಳಿದ್ದು ಒಂದಾದ್ರೂ ಉಳೀಲಿ ಕಣಮ್ಮ" ಎಂದು ನಕ್ಕರು ಗಂಗಾಧರ್.

ಅಂದು ಸಂಜೆಯ ಹೊತ್ತಿಗೆ ಹಜೀರಾ ಬರೆದಿದ್ದು ಹೀಗಿತ್ತು:

'ಚಿತ್ರ 6. ಊಜಿ ನೊಣದ ಮರಿ ರೇಷ್ಮೆ ಹುಳುವಿನ ಒಳಹೊಕ್ಕ ಜಾಗದ ಕಪ್ಪು ಕಲೆ (ಬಾಣದ ಗುರುತು ನೋಡಿ). ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಪಕ್ಕೆ ಇದು, ತಲೆ ಎಡಕ್ಕಿದೆ. ಹತ್ತಿರದಿಂದ ತೆಗೆದ ಚಿತ್ರ. ಕೆಳಗಿನ ಬಿಳಿ ಗೆರೆಯ ಉದ್ದ ನಿಜದಲ್ಲಿ ಎರಡು ಮಿಲಿಮೀಟರ್. ಇಂಥ ಕಲೆ ಕೆಲವು ಹುಳುಗಳಲ್ಲಿ ಮಾತ್ರ, ಮೈಯ ಯಾವ ಭಾಗದಲ್ಲಾದರೂ ಇರಬಹುದು. ಆ ಹುಳುಗಳನ್ನಷ್ಟೇ ಆರಿಸಿ ನಾಶಪಡಿಸಿ. ಎಲ್ಲ ಹುಳುಗಳ ಬೆನ್ನಿನ ಮೇಲೆ ಒಂದೇ ಜಾಗದಲ್ಲಿ ಜೋಡಿಯಾಗಿ ಕಾಣುವುದು ತಳಿಯ ಹುಟ್ಟುಗುರುತು, ಬಾಧೆಯಲ್ಲ.'

ಬಾಣ ಮತ್ತು ಗೆರೆ ಎಳೆಸಿದ ಮೇಲೆ, ಚಿತ್ರ ಮತ್ತು ಅಡಿಬರಹವನ್ನು ಮಾತ್ರ ಕತ್ತರಿಸಿ ಅವರು ಧನಶ್ರೀಗೆ ಕಳಿಸಿದರು. ಬೇರೆ ಮಾತು ಬರೆಯಲಿಲ್ಲ. ಅತ್ತೆಗೆ ಓದಿ ಹೇಳಿ, ತಟ್ಟೆಗಳನ್ನು ಇನ್ನೊಮ್ಮೆ ನೋಡಿ ಅವಳು ಫೋನು ಮಾಡುವಷ್ಟರಲ್ಲಿ ಮರುದಿನ ಬೆಳಗಾಗಿತ್ತು.

"ಅಕ್ಕಾ, ನಿಜವಾದ ಊಜಿ ಹುಳ ಮೂರು ಸಿಕ್ವು. ಬಲೆ ಒಂದ್ ಕಡೆ ಹರಿದೈತೆ. ಆ ಮೂರನ್ನೇ ತೆಗೆದ್ವಿ, ಬಲೆಗೆ ಹೊಲಿಗೆ ಹಾಕಿದ್ವಿ."

"ಅತ್ತೆ ಏನಂದ್ರು?"

ಉತ್ತರ ಮುನಿಗಂಗಮ್ಮನಿಂದಲೇ ಬಂತು. "ಚೆನ್ನಾಗೈತೆ ಹಜೀರಮ್ಮ, ಯಾರ್ನೂ ಕೇಳ್ಬೇಕಾಗಿಲ್ಲ. ಇಷ್ಟುದ್ದ ಬರಿಯಕ್ಕೆ ಬರುತ್ತಲ್ಲ ನಿಂಗೆ, ಮೊದ್ಲೇ ಬರೆಯಕ್ಕೆ ಏನಾಗಿತ್ತು? ಒಂದು ತಟ್ಟೆ ಹುಳ ಹೋಯ್ತು ನಂದು."

"ಹೌದಮ್ಮ, ಬರೀಬೇಕಿತ್ತು" ಎಂದರು ಹಜೀರಾ. ಗುಂಪಿನಲ್ಲಿ ಹಳೆಯ ಚಿತ್ರ ಇನ್ನೂ ಓಡಾಡುತ್ತಿತ್ತು. ಅವರು ಹೊಸದನ್ನು ಅದರ ಕೆಳಗೆ ಹಾಕಿದರು, ಹಳೆಯದು ಹೋದ ಉಳಿದ ಗುಂಪುಗಳಿಗೂ ಕಳಿಸುವಂತೆ ಧನಶ್ರೀಗೆ ಹೇಳಿದರು.