ಡಬ್ಬಿಯೊಳಗಿನ ಬಿಳಿ ಮಾತ್ರೆ

ಬೀದಿಯವರೆಲ್ಲ ಆಕೆಯನ್ನು ಗುಂಡಿ ಅಜ್ಜಿ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ತುಳಿದು ಮಗನನ್ನು ದಡ ಸೇರಿಸಿದವಳು. ಸಾವಿರ ಗುಂಡಿಗಳ ರಾಶಿಯಲ್ಲಿ ಅಂಗಿಗೆ ಒಪ್ಪುವ ಒಂದನ್ನು ಕಣ್ಣೋಟದಲ್ಲೇ ಹೆಕ್ಕಿ ತೆಗೆಯುತ್ತಿದ್ದಳು. ಅದೇ ಧೈರ್ಯದಲ್ಲಿ ತನ್ನ ಮಾತ್ರೆಗಳನ್ನೂ ತಂದ ದಿನವೇ ಸ್ಟ್ರಿಪ್ಪಿನ ಹಾಳೆಯಿಂದ ಒತ್ತಿ ತೆಗೆದು ಒಂದು ತಗಡಿನ ಡಬ್ಬಿಗೆ ಸುರಿದುಬಿಡುತ್ತಿದ್ದಳು. "ಬಿಳೀದು ಬಿಪಿಗೆ, ಹಸಿರು ಸಕ್ಕರೆ ಕಾಯಿಲೆಗೆ, ನೀಲಿ ಹೊಟ್ಟೆ ಉರಿಗೆ. ನಂಗೆ ಗೊತ್ತಿಲ್ವಾ?" ಎನ್ನುವಳು.

ಅಂದು ಮಧ್ಯಾಹ್ನ ಸೊಸೆ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಮೊಮ್ಮಗಳು ನೆಲದ ಮೇಲೆ ಕೂತಿದ್ದಳು. ಮುಂದೆ ಡಬ್ಬಿ ಬೋರಲು ಬಿದ್ದಿತ್ತು. ಮಗುವಿನ ತುಟಿಯ ಮೇಲೆ ಬಿಳಿ ಪುಡಿ.

"ಅತ್ತೇ!" ಎಂಬ ಕೂಗಿಗೆ ಅಜ್ಜಿಯ ಜೀವ ಬಾಯಿಗೆ ಬಂತು. ಪಕ್ಕದ ಮನೆಯಾಕೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಎಂದಳು. ಸೊಸೆ ಕೇಳಲಿಲ್ಲ. ಮಗುವನ್ನೂ ಡಬ್ಬಿಯನ್ನೂ ಎತ್ತಿಕೊಂಡು ಅತ್ತೆ ಸೊಸೆ ಆಸ್ಪತ್ರೆಗೆ ಓಡಿದರು.

ಡಾಕ್ಟರು ಮಗುವಿನ ಬೆರಳು ಚುಚ್ಚಿ ಸಕ್ಕರೆ ನೋಡಿದರು, ಎದೆಗೆ ತಂತಿ ಅಂಟಿಸಿದರು. "ವಾಂತಿ ಮಾಡಿಸದೆ ಇದ್ದದ್ದು ಒಳ್ಳೇದಾಯ್ತು. ಈಗ ಹೇಳಿ, ನುಂಗಿದ್ದು ಯಾವ ಮಾತ್ರೆ?"

"ಬಿಳೀದು ಸ್ವಾಮಿ... ಬಿಪಿದು. ಹಸಿರು ಸಕ್ಕರೇದು, ನೀಲಿ ಹೊಟ್ಟೆ ಉರೀದು," ಎಂದಳು ಅಜ್ಜಿ.

ಔಷಧ ವಿಭಾಗದ ಮೇಡಂ ಡಬ್ಬಿಯನ್ನು ಬಿಳಿ ತಟ್ಟೆಗೆ ಸುರಿದು, ಭೂತಗನ್ನಡಿ ಹಿಡಿದರು. ನೀಲಿ ಕ್ಯಾಪ್ಸೂಲಿನ ಮೇಲೆ ಅಕ್ಷರ, ಅಂಕಿ ಅಚ್ಚಾಗಿತ್ತು. ಕಂಪ್ಯೂಟರಿನಲ್ಲಿ ಹುಡುಕಿ, ಹೊಟ್ಟೆ ಉರಿಯ ಔಷಧದೊಂದಿಗೆ ಹೊಂದುತ್ತದೆ ಎಂದರು. ಬಿಳಿ ಮಾತ್ರೆಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ದುಂಡಗೆ, ನಡುವೆ ಒಂದು ಗೆರೆ. ಬೇರೆ ಗುರುತೇ ಇಲ್ಲ.

"ಹಸಿರು ಎಲ್ಲಮ್ಮ?"

ಅಜ್ಜಿ ತಟ್ಟೆಯತ್ತ ಬಗ್ಗಿದಳು. ಹಸಿರು ಒಂದೂ ಇರಲಿಲ್ಲ.

"ಹೋದ ತಿಂಗಳು ಅಂಗಡಿಯವನು ಸಕ್ಕರೆ ಮಾತ್ರೆ ಬೇರೆ ಕಂಪನೀದು ಕೊಟ್ಟ... ಔಷಧ ಅದೇ ಅಂದ. ನಾನು ನೋಡ್ದೇನೇ ಸುರಿದುಬಿಟ್ಟೆ. ಹಳೇ ಹಸಿರು ನಿನ್ನೆ ತನಕ ಇತ್ತು."

"ಒಂದೇ ಔಷಧ, ಬೇರೆ ಕಂಪನಿ ಮಾಡಿದ್ರೆ ಬಣ್ಣ ಆಕಾರ ಬೇರೆ ಆಗ್ಬಹುದು. ಬೇರೆ ಬೇರೆ ಔಷಧ ಒಂದೇ ಥರ ಕಾಣಬಹುದು. ಹೀಗಿರೋ ಬಿಳಿ ಮಾತ್ರೆ ಎಷ್ಟೋ ಇವೆ, ನೋಡಿ ಹೇಳಿದ್ರೆ ಅದು ಬರೀ ಊಹೆ ಆಗತ್ತೆ. ಹಾಳೆ ಬೇಕು. ಅದರಲ್ಲಿ ಹೆಸರು, ಎಷ್ಟು ಮಿಲಿಗ್ರಾಂ, ಎಲ್ಲಾ ಇರತ್ತೆ."

ಡಾಕ್ಟರು ಸೊಸೆಯತ್ತ ತಿರುಗಿದರು. "ಸಕ್ಕರೆ ಮಾತ್ರೆ ಒಂದೇ ಒಂದು ಸಾಕು, ಮಗುವಿಗೆ ಅಪಾಯ. ಈಗ ಚೆನ್ನಾಗಿದ್ರೂ ಎಷ್ಟೋ ಗಂಟೆಗಳಾದ ಮೇಲೆ ರಕ್ತದ ಸಕ್ಕರೆ ಇಳೀಬಹುದು. ಗೊತ್ತಾಗೋವರೆಗೂ ಅದನ್ನೇ ನುಂಗಿದಾಳೆ ಅಂತ ನೋಡ್ಕೋತೀವಿ."

ಮಗ ಕೆಲಸದಿಂದ ನೇರ ಬಂದವನು ಅಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೆಗೆ ಓಡಿಸಿದ. ಹೊಲಿಗೆ ಯಂತ್ರದ ಕೆಳಗಿನ ಚೂರುಬಟ್ಟೆ ಚೀಲವನ್ನು ನೆಲಕ್ಕೆ ಕೊಡವಿದರು. ಅಜ್ಜಿ ಎಸೆದ ಖಾಲಿ ಹಾಳೆಗಳು ಅದರಲ್ಲೇ ಇರಬೇಕು. ಅಜ್ಜಿಯ ಕೈ ಗಡಗಡ ನಡುಗುತ್ತಿತ್ತು, ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು, ಬಟ್ಟೆಯ ಬಣ್ಣಗಳು ಕಲಸಿಕೊಂಡಂತೆ ಕಂಡವು. 'ಕೂಸಿಗೆ ಏನಾದ್ರೂ ಆದ್ರೆ ನಾನು ಯಾವ ಮುಖ ಹೊತ್ತು ಬದುಕಲಿ' ಎಂಬುದೊಂದೇ ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು.

"ಸಿಕ್ತಮ್ಮ!" ಮಗ ಎರಡು ಹಾಳೆ ಎತ್ತಿದ. ಎರಡರ ಮೂಲೆಯಲ್ಲೂ ಒಂದೊಂದು ಮಾತ್ರೆ ಉಳಿದಿತ್ತು.

ಆಸ್ಪತ್ರೆಗೆ ಮರಳಿದಾಗ ಮೇಡಂ ಹಾಳೆಗಳ ಮೇಲಿನ ಹೆಸರು ಓದಿದರು. ಒಂದು ಬಿಪಿಯದು, ಇನ್ನೊಂದು ಸಕ್ಕರೆಯದು. ಉಳಿದ ಮಾತ್ರೆಗಳನ್ನು ಒತ್ತಿ ತೆಗೆದು ಅಂಗೈಯಲ್ಲಿಟ್ಟರು. ಎರಡೂ ಅವಳಿಜವಳಿ ಮಕ್ಕಳಂತೆ! ಗುಂಡಿ ಹೆಕ್ಕುವ ಕಣ್ಣೂ ಸೋತಿತು.

"ಹಾಗಾದ್ರೆ ಮಗು ಯಾವುದು ನುಂಗಿದ್ದು?" ಎಂದ ಮಗ.

"ಅದು ಈಗಲೂ ಹೇಳೋಕಾಗಲ್ಲ. ಆದರೆ ಯಾವ ಎರಡರಲ್ಲಿ ಒಂದು, ಎಷ್ಟು ಶಕ್ತಿಯದು ಅಂತ ಗೊತ್ತಾಯ್ತು. ಎರಡು ಥರದ ಅಪಾಯಕ್ಕೂ ಡಾಕ್ಟರು ಕಾವಲಿರ್ತಾರೆ." ಮೇಡಂ ಅಜ್ಜಿಯ ಮುಖವನ್ನೇ ದಿಟ್ಟಿಸಿದರು. "ಅಮ್ಮ, ಯಾಕಿಷ್ಟು ಬೆವರ್ತಿದೀರಿ?"

"ಹೆದರಿಕೆ ತಾಯಿ."

"ಬಿಪಿ ಮಾತ್ರೆ ದಿನಕ್ಕೆಷ್ಟು?"

"ಬೆಳಿಗ್ಗೆ ಒಂದು, ರಾತ್ರಿ ಒಂದು."

"ಈಚೆಗೆ ತಲೆ ಸುತ್ತತ್ತಾ?"

ಸುತ್ತುತ್ತಿತ್ತು. ವಯಸ್ಸು ಎಂದು ಸುಮ್ಮನಿದ್ದಳು. ನರ್ಸಮ್ಮ ಆಕೆಯ ಬೆರಳನ್ನೂ ಚುಚ್ಚಿದರು. ಸಕ್ಕರೆ ತೀರಾ ಇಳಿದಿತ್ತು. ಬಿಪಿಯದೆಂದು ನುಂಗಿದ್ದು ಎಷ್ಟೋ ಸಲ ಸಕ್ಕರೆಯದೇ ಆಗಿತ್ತು. ಸಕ್ಕರೆ ಬೆರೆಸಿದ ನೀರು ಕುಡಿಸಿ, ಮಗುವಿನ ಪಕ್ಕದ ಹಾಸಿಗೆಯಲ್ಲೇ ಮಲಗಿಸಿದರು. ನಡುಕ ಇಳಿಯಿತು. ಭಯ ಮಾತ್ರ ಇಳಿಯಲಿಲ್ಲ. ಮೊಮ್ಮಗಳ ಬೆರಳನ್ನು ಚುಚ್ಚಿದಾಗಲೆಲ್ಲ ನರ್ಸಮ್ಮನ ಮುಖ ನೋಡುತ್ತಿದ್ದಳು.

ಮಗುವಿನ ಸಕ್ಕರೆಯೂ ಇಳಿಯಲಿಲ್ಲ, ಬಿಪಿಯೂ ಇಳಿಯಲಿಲ್ಲ. ಮಾತ್ರೆಯನ್ನು ನೆಕ್ಕಿ, ಕಹಿಯೆಂದು ಉಗಿದಿರಬೇಕು ಎಂದರು ಡಾಕ್ಟರು. ಮರುದಿನ ಕಳಿಸುವಾಗ ಮೇಡಂ ಹೊಸ ಹಾಳೆಗಳನ್ನು ಅಜ್ಜಿಯ ಕೈಗಿತ್ತರು. "ನುಂಗೋ ಹೊತ್ತಿಗಲ್ದೆ ಇದರಿಂದ ತೆಗೀಬೇಡಿ. ಹಾಳೆ ಕತ್ತರಿಸಬೇಡಿ, ಹೆಸರು ಹೋಗತ್ತೆ. ಮಗುವಿನ ಕೈಗೆ ಸಿಗದ ಹಾಗೆ ಬೀಗ ಹಾಕಿಡಿ."

"ಆಯ್ತು ತಾಯಿ," ಎಂದಳು ಅಜ್ಜಿ. ಮೊಮ್ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿ, ಅರ್ಧಕ್ಕೇ ತಡೆದಳು. ಸೊಸೆ ಮಗುವನ್ನು ತಾನೇ ಅತ್ತೆಯ ಮಡಿಲಿಗಿಟ್ಟಳು.